ಹತ್ತನೇ ತಾರೀಖಿನ ರಾತ್ರಿ ಹನ್ನೆರಡು ಎಂದರೆ ಯಾವಾಗ?

ಕಳೆದ ಆಗಸ್ಟ್‌ನಲ್ಲಿ ನಮ್ಮ ತರಗತಿಯ ವಾಟ್ಸಾಪ್ ಗುಂಪಿಗೆ ನಾನು ಒಂದು ಸಾಲು ಹಾಕಿದ್ದೆ: "ವಿದ್ಯಾರ್ಥಿವೇತನದ ಅರ್ಜಿ, ಕೊನೆಯ ದಿನ 10/08, ರಾತ್ರಿ 12ರವರೆಗೆ." ಅದರಲ್ಲಿ ಕಾಗುಣಿತದ ತಪ್ಪಿರಲಿಲ್ಲ. ಆದರೂ ಆ ಸಾಲನ್ನು ನಂಬಿ ನನ್ನ ಸಹಪಾಠಿಯೊಬ್ಬಳು ಅರ್ಜಿ ಕಳೆದುಕೊಂಡಳು. ಒಂದು ಸಾಲಿನೊಳಗೆ ತಪ್ಪು ಎಲ್ಲೆಲ್ಲಿ ಅಡಗಿ ಕೂರುತ್ತದೆ ಎಂದು ಆಮೇಲೆ ಕ್ಯಾಲೆಂಡರ್ ಹಿಡಿದು ಕೂತು ನೋಡಿದೆ. ಗುಂಪಿಗೆ ಸೂಚನೆ ಹಾಕುವವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಹೀಗೆ. ಅರ್ಜಿಯ ಪುಟದಲ್ಲಿ ಕೊನೆಯ ಸಮಯ `08/10/2025, 12:00 AM` ಎಂದಿತ್ತು. ನಾವೆಲ್ಲ ಅದನ್ನು ಅಕ್ಟೋಬರ್ 8 ಎಂದು ಓದಿ, ಇನ್ನೂ ಎರಡು ತಿಂಗಳಿದೆ ಎಂದು ಸುಮ್ಮನಿದ್ದೆವು. ಆಗಸ್ಟ್ 5ರಂದು ನಮ್ಮ ಅಕೌಂಟೆನ್ಸಿ ಸರ್ ಪುಟವನ್ನು ಪೂರ್ತಿ ಓದಿದರು. ಕೆಳಗೆ, ಆಯ್ಕೆಯಾದವರ ಪಟ್ಟಿ ಆಗಸ್ಟ್ ಕೊನೆಗೆ ಬರುತ್ತದೆ ಎಂದು ಬರೆದಿತ್ತು. "ಪಟ್ಟಿ ಬಂದ ಮೇಲೆ ಅರ್ಜಿ ತಗೊಳ್ತಾರೇನಮ್ಮಾ?" ಎಂದು ಸರ್ ಕೇಳಿದರು. ಫೋನ್ ಮಾಡಿದರೆ, ಹತ್ತನೇ ತಾರೀಖು, ಆಗಸ್ಟ್ ಎಂದು ಉತ್ತರ ಬಂತು. ತಿಂಗಳು ಮೊದಲು, ದಿನ ಆಮೇಲೆ ಬರುವ ಅಮೆರಿಕದ ಕ್ರಮದಲ್ಲಿ ಆ ಪುಟ ಸಿದ್ಧವಾಗಿತ್ತು.

ನಾನು ತಕ್ಷಣ ತಿಂಗಳನ್ನು ಸರಿಮಾಡಿ ಗುಂಪಿಗೆ ಹಾಕಿದೆ. `12:00 AM` ಎಂಬುದನ್ನು "ರಾತ್ರಿ 12" ಎಂದು ಕನ್ನಡಕ್ಕೆ ತಂದೆ. ಸಹಪಾಠಿಗೆ ಆದಾಯ ಪ್ರಮಾಣಪತ್ರ ಗುರುವಾರ, ಆಗಸ್ಟ್ 7ರಂದು ಕೈಗೆ ಬಂತು. ಅವಳ ಅಬ್ಬಾಗೆ ಬಿಡುವಿರುವುದು ಭಾನುವಾರ ಮಾತ್ರ. ಭಾನುವಾರ ಹತ್ತನೇ ತಾರೀಖು ತಾನೇ, ರಾತ್ರಿಯವರೆಗೆ ಸಮಯ ಇದೆಯಲ್ಲ ಎಂದು ಇಬ್ಬರೂ ಬೆಳಿಗ್ಗೆ ಗುರುಪುರದಿಂದ ಬಸ್ಸು ಹತ್ತಿ ಹುಣಸೂರಿನ ಸೈಬರ್ ಅಂಗಡಿಗೆ ಹೋದರು. ಹನ್ನೊಂದು ಗಂಟೆಗೆ ಪುಟ ತೆರೆದಾಗ ಅರ್ಜಿ ಮುಚ್ಚಿದೆ ಎಂದು ಬಂತು. ಶನಿವಾರ ರಾತ್ರಿ ಅವರು ಮಲಗಿದ್ದಾಗಲೇ ಅದು ಮುಚ್ಚಿತ್ತು.

ಒಂದೇ ಸಾಲಿನಲ್ಲಿ ಎರಡು ಗುಂಡಿಗಳಿದ್ದವು. ಒಂದನ್ನು ದಾಟಿದ ಖುಷಿಯಲ್ಲಿ ನಾನು ಎಲ್ಲರನ್ನೂ ಇನ್ನೊಂದಕ್ಕೆ ಕರೆದುಕೊಂಡು ಹೋಗಿದ್ದೆ.

ದಿನ ಯಾವುದು, ತಿಂಗಳು ಯಾವುದು

ಭಾರತದಲ್ಲಿ ನಾವು ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಬರೆಯುತ್ತೇವೆ. ಬ್ಯಾಂಕಿನ ಚೆಕ್ಕಿನ ಬಲಮೂಲೆಯಲ್ಲಿ ತಾರೀಖಿಗೆ ಎಂಟು ಚೌಕಗಳಿದ್ದು, ಅವುಗಳ ಕೆಳಗೆ `DDMMYYYY` ಎಂದು ಅಚ್ಚಾಗಿರುತ್ತದೆ. ಅಲ್ಲಿ ಯಾರಿಗೂ ಗೊಂದಲವಿಲ್ಲ. ಚೌಕಗಳಿಲ್ಲದ ಕಡೆ ಮಾತ್ರ ತೊಂದರೆ. ನಮ್ಮ ಫೋನು, ಕಂಪ್ಯೂಟರುಗಳ ಭಾಷೆ ಎಷ್ಟೋ ಸಲ ಅಮೆರಿಕದ ಇಂಗ್ಲಿಷಿನಲ್ಲೇ ಉಳಿದಿರುತ್ತದೆ. ಅಲ್ಲಿ ತಾರೀಖು ತಾನಾಗಿಯೇ ತಿಂಗಳು ಮೊದಲಾಗಿ ಕಾಣುತ್ತದೆ.

ಇದು ಎಷ್ಟು ದಿನಗಳಿಗೆ ತಟ್ಟುತ್ತದೆ ಎಂದು ಲೆಕ್ಕ ಹಾಕಿದೆ. 25/08 ಎಂದು ಬರೆದರೆ ಯಾರೂ ತಪ್ಪು ಓದಲಾರರು, ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ. ಹಾಗಾಗಿ ಗೊಂದಲ ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ ಮಾತ್ರ. ಹನ್ನೆರಡು ತಿಂಗಳಿಗೆ 144 ದಿನ. ಅದರಲ್ಲಿ 1/1, 2/2, 3/3 ಹೀಗೆ ಹಿಂದುಮುಂದಾದರೂ ಬದಲಾಗದ 12 ದಿನ ಕಳೆದರೆ ಉಳಿದದ್ದು 132. ವರ್ಷದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಉಳಿದ ದಿನಗಳಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ, ಈ 132 ದಿನಗಳಲ್ಲಿ ಬೀಳುವುದಿಲ್ಲ. ತಿಂಗಳ ಕೊನೆಯಲ್ಲಿ ಹಾಕಿದ ಸೂಚನೆಗಳನ್ನೆಲ್ಲ ಎಲ್ಲರೂ ಸರಿಯಾಗಿ ಓದಿದರು ಎಂದು ನಾವು ನಿಶ್ಚಿಂತರಾಗಿರುತ್ತೇವೆ. ಮುಂದಿನ ತಿಂಗಳ ಮೊದಲ ವಾರದಲ್ಲಿ ಅದೇ ರೀತಿ ಬರೆದದ್ದು ಕೈಕೊಡುತ್ತದೆ.

ಕಾಮರ್ಸಿನವರು ಇದನ್ನು ಗೂಗಲ್ ಶೀಟಿನಲ್ಲಿ ಕಣ್ಣಾರೆ ನೋಡಬಹುದು. ಶೀಟು ಅಮೆರಿಕದ ಕ್ರಮದಲ್ಲಿದ್ದಾಗ 10/08/2025 ಎಂದು ಒತ್ತಿದರೆ ಅದನ್ನು ಅಕ್ಟೋಬರ್ 8 ಎಂದು ತೆಗೆದುಕೊಂಡು ಚೌಕದ ಬಲಬದಿಗೆ ನಿಲ್ಲಿಸುತ್ತದೆ. 25/08/2025 ಎಂದು ಒತ್ತಿದರೆ ಅದಕ್ಕೆ ಅರ್ಥವಾಗದೆ ಬರೀ ಅಕ್ಷರವೆಂದು ಎಡಬದಿಗೆ ಬಿಡುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ನಿಂತಿದ್ದರೆ, ಬಲಕ್ಕೆ ನಿಂತವುಗಳ ಮೇಲೆ ಅನುಮಾನಪಡಬೇಕು. `File` → `Settings` → `Locale` ಎಂಬಲ್ಲಿ `India` ಆರಿಸಿದರೆ ಮುಂದೆ ಬರೆಯುವವು ಸರಿಹೋಗುತ್ತವೆ. ಆಗಲೇ ಅಕ್ಟೋಬರ್ ಆಗಿಹೋದದ್ದು ಮಾತ್ರ ಅಕ್ಟೋಬರ್ ಆಗಿಯೇ ಇರುತ್ತದೆ. ಅದನ್ನು ಅಳಿಸಿ ಮತ್ತೆ ಒತ್ತಬೇಕು.

ವಾರದ ಹೆಸರು ಕಾಯುತ್ತದೆಯೇ?

ತಾರೀಖಿನ ಜೊತೆ ವಾರವನ್ನೂ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಅದು ಒಳ್ಳೆಯ ಮಾತೇ. "ಭಾನುವಾರ 10/08" ಎಂದು ನಾನು ಬರೆದಿದ್ದರೆ, ಅಕ್ಟೋಬರ್ 8 ಎಂದುಕೊಂಡವರು ಕ್ಯಾಲೆಂಡರ್ ನೋಡಿದಾಗ ಅದು ಬುಧವಾರವೆಂದು ಗೊತ್ತಾಗಿ ನಿಲ್ಲುತ್ತಿದ್ದರು. ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಮಾಡುವ ಕೆಲಸವನ್ನು ಇಲ್ಲಿ ವಾರ ಮಾಡುತ್ತದೆ. ಎರಡೂ ಕಡೆ ಹೊಂದಿಕೆಯಾಗದಿದ್ದರೆ ಎಲ್ಲೋ ತಪ್ಪಿದೆ ಎಂದರ್ಥ.

ಆದರೆ ಟ್ರಯಲ್ ಬ್ಯಾಲೆನ್ಸ್ ಸರಿಬಂದ ಮಾತ್ರಕ್ಕೆ ಲೆಕ್ಕ ಸರಿ ಎನ್ನಲಾಗದು ಎಂದು ನಮಗೆ ಮೊದಲ ಪಿಯುಸಿಯಲ್ಲೇ ಕಲಿಸಿದ್ದಾರೆ. ಇಲ್ಲಿಯೂ ಹಾಗೆಯೇ. ಗುರುಪುರದ ಟಿಬೆಟನ್ ಕ್ಯಾಂಪಿನಲ್ಲಿ ನಾವು ಸ್ವೆಟರ್ ಕೊಳ್ಳುವ ಅಂಗಡಿಯ ಅಜ್ಜಿಯೊಬ್ಬರಿದ್ದಾರೆ. ಅವರ ಮಗಳು ಅಮೆರಿಕದಲ್ಲಿರುವುದು. ಊರಿಗೆ ಬರುತ್ತೇನೆಂದು ಮಗಳು ಕಳಿಸಿದ ಸಂದೇಶದಲ್ಲಿ "ಶುಕ್ರವಾರ 09/05" ಎಂದಿತ್ತಂತೆ. ಅಜ್ಜಿ ಮೇ 9 ಎಂದುಕೊಂಡರು. ಕ್ಯಾಲೆಂಡರ್ ನೋಡಿದರೆ 2025ರ ಮೇ 9 ಶುಕ್ರವಾರವೇ. ಮನೆ ತೊಳೆದು, ಅಂಗಡಿ ಬಾಗಿಲು ಹಾಕಿ ಕಾದರು. ಮಗಳು ಹೇಳಿದ್ದು ಸೆಪ್ಟೆಂಬರ್ 5. ಅದೂ ಶುಕ್ರವಾರ!

ಈ ಕಥೆ ಕೇಳಿದ ಮೇಲೆ ನಾನು 2025ರ ಕ್ಯಾಲೆಂಡರ್ ಇಟ್ಟುಕೊಂಡು ಅಂಥ 132 ದಿನಗಳನ್ನೂ ತಾಳೆ ನೋಡಿದೆ. ಹಿಂದುಮುಂದಾದರೂ ವಾರ ಬದಲಾಗದ ಜೋಡಿಗಳು ಆರು ಸಿಕ್ಕವು: 1/7 ಮತ್ತು 7/1, 1/11 ಮತ್ತು 11/1, 2/8 ಮತ್ತು 8/2, 3/12 ಮತ್ತು 12/3, 5/9 ಮತ್ತು 9/5, 7/11 ಮತ್ತು 11/7. ನಮ್ಮ ರಾಜ್ಯೋತ್ಸವವೂ ಇದರಲ್ಲಿದೆ. 2025ರ ನವೆಂಬರ್ 1 ಶನಿವಾರ, ಜನವರಿ 11 ಕೂಡ ಶನಿವಾರ. ಫೆಬ್ರವರಿಗೆ 29 ದಿನವಿರುವ ವರ್ಷದಲ್ಲಿ ಕೆಲವು ಜೋಡಿಗಳು ಬದಲಾಗುತ್ತವೆ. ಆದರೆ 5/9 ಮತ್ತು 7/11ರ ಜೋಡಿಗಳು ಯಾವ ವರ್ಷವೂ ಬಿಡುವುದಿಲ್ಲ. ಶಿಕ್ಷಕರ ದಿನಾಚರಣೆಯನ್ನು "5/9" ಎಂದು ಬರೆದರೆ ವಾರದ ಹೆಸರು ಯಾವತ್ತೂ ನಮ್ಮನ್ನು ಕಾಯದು.

ಅದಕ್ಕೆ ಮದ್ದು ಒಂದೇ: ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲಿ ಬರೆಯುವುದು. "10 ಆಗಸ್ಟ್" ಎಂದರೂ "ಆಗಸ್ಟ್ 10" ಎಂದರೂ ಅರ್ಥ ಒಂದೇ, ಕ್ರಮದ ಜಗಳವೇ ಇಲ್ಲ. ಹೆಸರು ಬರೆಯಲಾಗದ ಕಡೆ, ಉದಾಹರಣೆಗೆ ಕಂಪ್ಯೂಟರಿನ ಫೈಲುಗಳಿಗೆ, ವರ್ಷದಿಂದ ಶುರುಮಾಡಿ `2025-08-10` ಎಂದು ಬರೆಯಬಹುದು. ಇದು ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ. ಹೀಗೆ ಹೆಸರಿಟ್ಟ ಫೈಲುಗಳು ತಾವಾಗಿಯೇ ತಾರೀಖಿನ ಸಾಲಿನಲ್ಲಿ ನಿಲ್ಲುತ್ತವೆ. ಆದರೆ ಮನೆಯವರೂ ಓದುವ ಸೂಚನೆಗೆ ತಿಂಗಳ ಹೆಸರೇ ವಾಸಿ.

ಹನ್ನೆರಡರ ತೊಡಕು

ಇನ್ನು ಎರಡನೇ ಗುಂಡಿ. ಎಎಂ, ಪಿಎಂ ಎಂಬ ಲ್ಯಾಟಿನ್ ಮಾತುಗಳಿಗೆ ನಡುಹಗಲಿಗೆ ಮೊದಲು, ನಡುಹಗಲಿನ ನಂತರ ಎಂದು ಅರ್ಥ. ಹಾಗಾದರೆ ಸರಿಯಾಗಿ ನಡುಹಗಲು ಹನ್ನೆರಡು ಗಂಟೆ ಯಾವುದು? ಅದು ಮೊದಲೂ ಅಲ್ಲ, ನಂತರವೂ ಅಲ್ಲ. ಮಧ್ಯರಾತ್ರಿಯಂತೂ ಹಿಂದಿನ ನಡುಹಗಲಿನ ನಂತರವೂ ಹೌದು, ಮುಂದಿನದಕ್ಕೆ ಮೊದಲೂ ಹೌದು. ಫೋನು, ಕಂಪ್ಯೂಟರುಗಳು ಒಂದು ಪದ್ಧತಿ ಇಟ್ಟುಕೊಂಡಿವೆ. ಮಧ್ಯರಾತ್ರಿ `12:00 AM`, ನಡುಹಗಲು `12:00 PM`. ಅಲ್ಲಿ 12 ಎಂಬುದು ಸೊನ್ನೆಯ ಜಾಗದಲ್ಲಿ ಕೂತಿದೆ. ದಿನ 12:00 ಎಎಂನಿಂದ ಶುರುವಾಗುತ್ತದೆ, ಅದಾದ ಮೇಲೆ 1:00 ಎಎಂ ಬರುತ್ತದೆ. ಹನ್ನೊಂದಾದ ಮೇಲೆ ಹನ್ನೆರಡು ಎಂದು ಎಣಿಸಿ ಕಲಿತ ನಮಗೆ ಇದು ತಲೆಕೆಳಗಾಗಿ ಕಾಣುತ್ತದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ ಕೂಡ 12 ಎಎಂ, 12 ಪಿಎಂ ಎಂದು ಬರೆಯುವುದೇ ಬೇಡ, ಒಂದು ನಿಮಿಷ ಹಿಂದೆ ಅಥವಾ ಮುಂದೆ ಮಾಡಿ 11:59 ಅಥವಾ 12:01 ಎಂದು ಬರೆಯಿರಿ ಎಂದು ಸಲಹೆ ಕೊಡುತ್ತದೆ.

ರೈಲಿನವರು 24 ಗಂಟೆಯ ಗಡಿಯಾರ ಬಳಸುತ್ತಾರೆ. ಅಲ್ಲಿ ಎಎಂ, ಪಿಎಂ ಗೊಂದಲ ಇಲ್ಲ. ಆದರೂ ಟಿಕೆಟಿನಲ್ಲಿ ಭಾನುವಾರ 10 ಆಗಸ್ಟ್ 00:15 ಎಂದಿದ್ದರೆ, ಶನಿವಾರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೊರಡಬೇಕು ಎಂಬುದನ್ನು ನೆನಪಿಡಬೇಕು. ಗಡಿಯಾರ ಬದಲಾದರೂ "ಆ ರಾತ್ರಿ ಯಾವ ದಿನದ್ದು" ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನಾನು ಎಡವಿದ್ದು ಅಲ್ಲಿಯೇ.

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಉತ್ತರಗಳಿವೆ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಗುರುವಾರಕ್ಕೆ ಜುಮೇರಾತ್ ಎನ್ನುತ್ತಾರೆ, ಅಂದರೆ ಜುಮ್ಮಾದ ರಾತ್ರಿ. ಹಿಜ್ರಿ ಲೆಕ್ಕದಲ್ಲಿ ದಿನ ಸೂರ್ಯ ಮುಳುಗಿದಾಗ ಶುರುವಾಗುವುದರಿಂದ ಗುರುವಾರ ಮಗ್ರಿಬ್ ಆದ ಮೇಲೆ ಬರುವ ರಾತ್ರಿ ಶುಕ್ರವಾರಕ್ಕೆ ಸೇರುತ್ತದೆ. ದಾದಿಮಾ "ಜುಮ್ಮೆ ಕಿ ರಾತ್" ಎಂದರೆ ಅದು ಹೆಚ್ಚಾಗಿ ಗುರುವಾರ ರಾತ್ರಿ. ಪಕ್ಕದ ಮನೆಯವರ ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯೋದಯಕ್ಕೆ. ಅವರಿಗೆ ನಸುಕಿನ ಮೂರು ಗಂಟೆಯೂ ಹಿಂದಿನ ದಿನದ್ದೇ. ಕಂಪ್ಯೂಟರಿಗೆ ಮಧ್ಯರಾತ್ರಿಯೇ ಗಡಿ. "ಹತ್ತನೇ ತಾರೀಖಿನ ರಾತ್ರಿ" ಎಂದಾಗ ಮೂವರೂ ತಲೆಯಾಡಿಸುತ್ತಾರೆ, ಆದರೆ ಒಂದೇ ರಾತ್ರಿಯನ್ನು ನೆನೆದು ಅಲ್ಲ. ಯಾರದೂ ತಪ್ಪಲ್ಲ. ಬರೆದವರು ಯಾವ ರಾತ್ರಿ ಎಂದು ಹೇಳಿಲ್ಲ, ಅಷ್ಟೇ.

ಮಿಕ್ಕ ಹೊತ್ತುಗಳಿಗೆ ಕನ್ನಡದ ಮಾತುಗಳು ಎಎಂ, ಪಿಎಂಗಿಂತ ಗಟ್ಟಿ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 5, ರಾತ್ರಿ 8 ಎಂದರೆ ಮಗುವಿಗೂ ಅರ್ಥವಾಗುತ್ತದೆ. 24 ಗಂಟೆಯ ಲೆಕ್ಕದಲ್ಲಿ 17:00 ಎಂದು ಬರೆದರೆ ನಮಗೆ ತಿಳಿದೀತು, ಆದರೆ ಸಂದೇಶವನ್ನು ಮಗನ ಫೋನಿನಲ್ಲಿ ಓದುವ ತಾಯಿಗೆ ಅದು ಏಳು ಗಂಟೆಯಂತೆ ಕಂಡರೂ ಕಂಡೀತು. ತೊಡಕಿರುವುದು ಮಧ್ಯರಾತ್ರಿ 12ರಿಂದ ಬೆಳಕು ಹರಿಯುವ ತನಕದ ಹೊತ್ತಿಗೆ ಮಾತ್ರ. ಆ ಹೊತ್ತಿಗೆ ಎರಡೂ ದಿನಗಳ ಹೆಸರು ಹೇಳಬೇಕು: "ಶನಿವಾರ 9 ಆಗಸ್ಟ್ ರಾತ್ರಿ ಕಳೆದು, ಭಾನುವಾರ 10 ಆಗಸ್ಟ್ ಬೆಳಗಿನ ಜಾವ 2 ಗಂಟೆಗೆ ಬಸ್ಸು." ಉದ್ದವಾಯಿತು, ನಿಜ. ಆದರೆ ಯಾರೂ ಒಂದು ದಿನ ತಡವಾಗಿ ಚೀಲ ಹಿಡಿದು ಬರುವುದಿಲ್ಲ.

ಆ ಸಾಲನ್ನು ಮತ್ತೆ ಬರೆದರೆ

ಈಗ ನನ್ನ ಹಳೆಯ ಸಾಲಿಗೆ ಬರೋಣ. ಪುಟದಲ್ಲಿದ್ದದ್ದು `08/10/2025, 12:00 AM`. ತಿಂಗಳು ಆಗಸ್ಟ್ ಎಂದು ಗೊತ್ತಾಯಿತು. 10ನೇ ತಾರೀಖು 12:00 ಎಎಂ ಎಂದರೆ ಹತ್ತನೇ ತಾರೀಖು ಹುಟ್ಟುವ ಕ್ಷಣ. ಹಾಗಾಗಿ ಅರ್ಜಿಗೆ ಸಿಗುವ ಕೊನೆಯ ಪೂರ್ತಿ ದಿನ 9, ಶನಿವಾರ. ಒಂದು ನಿಮಿಷ ಹಿಂದೆ ಮಾಡಿದರೆ ಸಂದೇಶ ಹೀಗಾಗುತ್ತದೆ:

"ವಿದ್ಯಾರ್ಥಿವೇತನದ ಅರ್ಜಿ ಶನಿವಾರ, 9 ಆಗಸ್ಟ್ 2025, ರಾತ್ರಿ 11:59ಕ್ಕೆ ಮುಚ್ಚುತ್ತದೆ. ಭಾನುವಾರ ತೆರೆದಿರುವುದಿಲ್ಲ."

ಎರಡನೇ ವಾಕ್ಯ ಹೆಚ್ಚಿನದು ಎನ್ನಿಸಬಹುದು. ಆದರೆ ಅವಳನ್ನು ಉಳಿಸುತ್ತಿದ್ದುದು ಅದೇ. "ಒಳಗೆ" ಎಂಬ ಮಾತನ್ನೂ ನಾನು ಈಗ ಬಿಟ್ಟಿದ್ದೇನೆ. "10ರ ಒಳಗೆ ಶುಲ್ಕ ಕಟ್ಟಿ" ಎಂದರೆ ಹತ್ತನೇ ತಾರೀಖೂ ಸೇರಿತೇ ಎಂದು ತರಗತಿಯಲ್ಲಿ ಕೇಳಿದೆ. ಅರ್ಧ ಜನ ಹೌದು ಎಂದರು, ಅರ್ಧ ಜನ ಇಲ್ಲ ಎಂದರು. "ಕೊನೆಯ ದಿನ ಇಂಥದ್ದು, ಆ ದಿನವೂ ಕಟ್ಟಬಹುದು" ಎಂದರೆ ಮುಗಿಯಿತು.

"ನಾಳೆ", "ಇವತ್ತು ಸಂಜೆ" ಎಂಬವು ಎದುರಿಗಿರುವವರಿಗೆ ಹೇಳುವ ಮಾತು. ಸಂದೇಶವನ್ನು ಯಾರಾದರೂ ಮುಂದಕ್ಕೆ ಕಳಿಸಿದರೆ, ಅದರ ಕೆಳಗೆ ಕಾಣುವುದು ಅವರು ಕಳಿಸಿದ ಹೊತ್ತು, ಮೊದಲು ಬರೆದ ಹೊತ್ತಲ್ಲ. ಸೋಮವಾರ ಬರೆದ "ನಾಳೆ" ಬುಧವಾರ ಇನ್ನೊಂದು ಗುಂಪಿಗೆ ಹೋದರೆ ಗುರುವಾರವಾಗಿಬಿಡುತ್ತದೆ. ಉರ್ದುವಿನಲ್ಲಿ ಇನ್ನೂ ಕಷ್ಟ, "ಕಲ್" ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು.

ತಪ್ಪು ಬರೆದು ಕಳಿಸಿದ್ದರೆ ಏನು ಮಾಡುವುದು? ವಾಟ್ಸಾಪಿನಲ್ಲಿ ಕಳಿಸಿದ 15 ನಿಮಿಷದೊಳಗೆ ತಿದ್ದಬಹುದು. ಆದರೆ ಆಗಲೇ ಮುಂದಕ್ಕೆ ಹೋದ ಪ್ರತಿಗಳು ತಿದ್ದುಪಡಿಯಾಗುವುದಿಲ್ಲ. ಅದಕ್ಕೆ ಹೊಸ ಸಂದೇಶವೇ ಬೇಕು. ಅದರಲ್ಲೂ "10 ಅಲ್ಲ, 9" ಎಂದಷ್ಟೇ ಬರೆದರೆ ಹಳೆಯದನ್ನು ಓದದವರಿಗೆ ಏನೂ ತಿಳಿಯದು. "ತಿದ್ದುಪಡಿ" ಎಂದು ಮೊದಲು ಹಾಕಿ ಇಡೀ ಸೂಚನೆಯನ್ನು ಮತ್ತೆ ಬರೆಯಬೇಕು.

ಇಷ್ಟೆಲ್ಲ ಮಾಡಿದರೂ ನಾವು ಬರೆದದ್ದು ನಮಗೆ ಸರಿಯಾಗಿಯೇ ಕಾಣುತ್ತದೆ. ಅದಕ್ಕೆ ಕಳಿಸುವ ಮೊದಲು ಆ ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, "ಕೊನೆಯ ಬಾರಿಗೆ ಯಾವ ದಿನ, ಎಷ್ಟು ಹೊತ್ತಿಗೆ ಹೋಗಬಹುದು?" ಎಂದು ಕೇಳಬೇಕು. "ಅರ್ಥವಾಯಿತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಗುಂಪಿನಲ್ಲಿ ಹೆಬ್ಬೆರಳು ಎತ್ತಿದ 38 ಜನ ಅಂದು ನನ್ನ ಸಾಲನ್ನು ಅರ್ಥಮಾಡಿಕೊಂಡವರೇ ಆಗಿದ್ದರು, ತಮ್ಮ ತಮ್ಮ ರೀತಿಯಲ್ಲಿ.

ಆ ವಿದ್ಯಾರ್ಥಿವೇತನ ಅವಳಿಗೆ ಆ ವರ್ಷ ಸಿಗಲಿಲ್ಲ. ಸರ್ ಪತ್ರ ಬರೆದರು, ಅವಧಿ ಮುಗಿದಿದೆ ಎಂದು ಉತ್ತರ ಬಂತು. ಕಾಲೇಜಿನಲ್ಲಿ ಶುಲ್ಕವನ್ನು ಮೂರು ಕಂತು ಮಾಡಿಕೊಟ್ಟರು. ನಾನು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳ ಅಬ್ಬಾ ಕೋಪ ಮಾಡಲಿಲ್ಲ. "ನಾನೂ ಓದಿದೆ ಬೇಟಾ, ನನಗೂ ಹತ್ತರ ರಾತ್ರಿ ಅಂತಲೇ ಕಾಣಿಸಿತು," ಎಂದರು. ಈಗ ಗುಂಪಿಗೆ ಹಾಕುವ ಪ್ರತಿ ಸೂಚನೆಯನ್ನೂ ಮೊದಲು ಅವಳಿಗೆ ಕಳಿಸುತ್ತೇನೆ. ಅವಳು ದಿನ ಮತ್ತು ಹೊತ್ತನ್ನು ತನ್ನ ಮಾತಿನಲ್ಲಿ ತಿರುಗಿ ಬರೆಯುತ್ತಾಳೆ. ಎರಡೂ ಒಂದೇ ಆಗಿದ್ದರೆ ಮಾತ್ರ ಅದು ಗುಂಪಿಗೆ ಹೋಗುತ್ತದೆ.